ಫೋನಿನಲ್ಲಿ ಕಂಡ ಕಲೆ ಎದೆಯಲ್ಲೂ ಇದೆಯಾ?

"ಸರ, ಫೋಟೊ ಭಾಳ ಕ್ಲಿಯರ್ ಐತ್ರಿ, ನೋಡ್ರಿ." ರಾಯಚೂರಿನ ನನ್ನ ಓಪಿಡಿಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಮುಂದೆ ಚಾಚಿದ ಫೋನಿನಲ್ಲಿ ಎದೆಯ ಎಕ್ಸ್‌ರೇ ಇರುತ್ತದೆ. ಅದು ಫಿಲ್ಮಿನ ಫೋಟೊ ಕೂಡ ಅಲ್ಲ. ಯಾರದೋ ಫೋನಿಗೆ ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು, ಆ ಸ್ಕ್ರೀನ್ ಎದುರಿಗೆ ಇನ್ನೊಂದು ಫೋನ್ ಹಿಡಿದು ಹೊಡೆದುಕೊಂಡಿರುತ್ತಾರೆ.

ಪಕ್ಕೆಲುಬು ಎಣಿಸೋಕೆ ಬಂದರೆ ಫೋಟೊ ಚೆನ್ನಾಗಿದೆ ಅಂತ ಜನ ಅಂದುಕೊಳ್ಳುತ್ತಾರೆ. ಪಕ್ಕೆಲುಬು ಕೆಟ್ಟ ಫೋಟೊದಲ್ಲೂ ಕಾಣುತ್ತದೆ. ನಾನು ಹುಡುಕುವುದು ಬೂದು ಬಣ್ಣದಲ್ಲಿರುವ ಸಣ್ಣ ವ್ಯತ್ಯಾಸವನ್ನು. ಗಾಳಿ ತುಂಬಿದ ಶ್ವಾಸಕೋಶ ಕಪ್ಪಾಗಿ ಕಾಣುತ್ತದೆ. ಕೀವು, ನೀರು ಅಥವಾ ಗಾಯ ಇದ್ದಲ್ಲಿ ಸ್ವಲ್ಪ ಬೆಳ್ಳಗಾಗುತ್ತದೆ. ಶುರುವಿನ ಕಾಯಿಲೆಯಲ್ಲಿ ಆ 'ಸ್ವಲ್ಪ' ಬಹಳ ಸ್ವಲ್ಪವೇ.

ಡಿಜಿಟಲ್ ಎಕ್ಸ್‌ರೇ ಫೈಲಿನಲ್ಲಿ ಸಾಮಾನ್ಯವಾಗಿ 4096 ಅಥವಾ ಅದಕ್ಕಿಂತ ಹೆಚ್ಚು ಬೂದು ಮೆಟ್ಟಿಲುಗಳಿರುತ್ತವೆ. ಫೋನಿನ ಮಾಮೂಲಿ ಫೋಟೊದಲ್ಲಿ ಇರುವುದು 256. ಅಕ್ಕಪಕ್ಕದ ಹತ್ತಾರು ಛಾಯೆಗಳು ಒಂದರಲ್ಲೇ ಸೇರಿಹೋಗುತ್ತವೆ. ಸೋನಾ ಮಸೂರಿಯನ್ನೂ ದಪ್ಪಕ್ಕಿಯನ್ನೂ ಸೇರಿಸಿ ಗಿರಣಿಗೆ ಹಾಕಿದ ಮೇಲೆ ಹಿಟ್ಟಿನಲ್ಲಿ ಅವನ್ನು ಬೇರೆ ಮಾಡೋಕೆ ಆಗುತ್ತಾ? ಜೂಮ್ ಮಾಡಿದರೆ ಚಿತ್ರ ದೊಡ್ಡದಾಗುತ್ತದೆ ಅಷ್ಟೆ, ಕಳೆದುಹೋದ ಛಾಯೆ ವಾಪಸ್ ಬರುವುದಿಲ್ಲ. ಇದೊಂದನ್ನು ಎಷ್ಟು ಸಲ ಹೇಳಿದರೂ ಎರಡು ಬೆರಳು ಮತ್ತೆ ಸ್ಕ್ರೀನ್ ಮೇಲೆ ಹೋಗುತ್ತವೆ.

ಫೋನ್ ಕ್ಯಾಮೆರಾ ಸುಮ್ನೆ ಇರುವುದೂ ಇಲ್ಲ. ಚಿತ್ರ ಕಪ್ಪಾಗಿದೆ ಅನಿಸಿದರೆ ತಾನೇ ಬೆಳಕು ಹೆಚ್ಚಿಸುತ್ತದೆ, ಆಗ ಸರಿಯಿರುವ ಶ್ವಾಸಕೋಶವೂ ಮಬ್ಬಾಗಿ ಕಾಣುತ್ತದೆ. ಅಂಚುಗಳನ್ನು ಚೂಪು ಮಾಡುತ್ತದೆ. ಸಣ್ಣ ಚುಕ್ಕೆಗಳನ್ನು ಕಸ ಅಂದುಕೊಂಡು ಒರೆಸಿಬಿಡುತ್ತದೆ. ರಾಗಿಕಾಳಿನಷ್ಟು ಚುಕ್ಕೆಗಳು ಹರಡುವ ಒಂದು ಬಗೆಯ ಟಿಬಿಯಲ್ಲಿ, ಕಲ್ಲಿನ ದೂಳು ಕುಡಿದವರ ಸಿಲಿಕೋಸಿಸ್‌ನಲ್ಲಿ ನಮಗೆ ಬೇಕಾದದ್ದೇ ಆ ಚುಕ್ಕೆ. ಸಾಲದ್ದಕ್ಕೆ ಸ್ಕ್ರೀನಿನ ಚುಕ್ಕಿಸಾಲು ಕ್ಯಾಮೆರಾದ ಚುಕ್ಕಿಸಾಲಿಗೆ ತಾಳೆಯಾಗದೆ ಅಲೆಅಲೆಯಾದ ಪಟ್ಟೆಗಳು ಮೂಡುತ್ತವೆ.

ಸಿಂಧನೂರು ಕಡೆಯ ಅಕ್ಕಿ ಗಿರಣಿಯ ಹಮಾಲರೊಬ್ಬರಿಗೆ ಮೂರು ವಾರದಿಂದ ಕೆಮ್ಮು, ಸಂಜೆ ಜ್ವರ. ಮಗ ತಂದ ಫೋಟೊದಲ್ಲಿ ಬಲಗಡೆ ಕೆಳಗೆ ಬಿಳಿ ಮಬ್ಬು. "ನಿಮೋನಿಯಾ ಅಂತಾರ್ರೀ ನಮ್ಮ ಕಾಕಾ" ಅಂದ. ನನಗೆ ಅನುಮಾನ ಬಂದದ್ದು ಆ ಮಬ್ಬಿನ ಅಂಚು ನೋಡಿ. ಅದು ಎದೆಗೂಡು ದಾಟಿ, ದೇಹದ ಹೊರಗಿನ ಕಪ್ಪು ಜಾಗಕ್ಕೂ ನೇರವಾಗಿ ಚಾಚಿತ್ತು. ಶ್ವಾಸಕೋಶದ ಕಲೆ ಚರ್ಮ ದಾಟಿ ಹೊರಗೆ ಹೋಗುವುದಿಲ್ಲ, ಅಲ್ವಾ? ಅದು ಟ್ಯೂಬ್‌ಲೈಟಿನ ಪ್ರತಿಫಲನ.

"ಒರಿಜಿನಲ್ ಎಲ್ಲೈತಪ್ಪ?"

"ಊರಾಗ ಐತ್ರಿ, ಸಿಡಿನೂ ಕೊಟ್ಟಾರ."

ಮರುದಿನ ಸಿಡಿ ಬಂತು. ಕಂಪ್ಯೂಟರಿನಲ್ಲಿ ಬಲಗಡೆ ಕೆಳಗೆ ಏನೂ ಇರಲಿಲ್ಲ. ಬೆಳಕು ಮತ್ತು ಕಾಂಟ್ರಾಸ್ಟ್ ನಿಧಾನಕ್ಕೆ ಬದಲಿಸುತ್ತಾ ಹೋದಾಗ ಎಡಗಡೆ ಮೇಲೆ, ಕೊರಳೆಲುಬಿನ ಹಿಂದೆ, ತೆಳುವಾದ ಕಲೆ ಕಂಡಿತು. ಫೋಟೊದಲ್ಲಿ ಎಲುಬೂ ಕಲೆಯೂ ಒಂದೇ ಬಿಳಿಯಾಗಿದ್ದವು. ಟಿಬಿ ಹೆಚ್ಚಾಗಿ ಕೂರುವ ಜಾಗ ಅದು. ಹಾಗಂತ ಎಕ್ಸ್‌ರೇ ನೋಡಿಯೇ ಟಿಬಿ ಅಂತ ಬರೆಯುವುದಿಲ್ಲ, ಹಳೆಯ ಗಾಯದ ಗುರುತೂ ಹೀಗೆ ಕಾಣಬಹುದು. ಕಫ ಕಳಿಸಿದೆವು, ಟಿಬಿ ರೋಗಾಣು ಸಿಕ್ಕಿತು. ಫೋಟೊ ನಂಬಿ ನಿಮೋನಿಯಾದ ಮಾತ್ರೆ ಬರೆದಿದ್ದರೆ ಮನೆಯಲ್ಲಿ ಇನ್ನಷ್ಟು ದಿನ ಕೆಮ್ಮುತ್ತಲೇ ಇರುತ್ತಿದ್ದರು, ಅದೂ ಮೊಮ್ಮಕ್ಕಳ ಪಕ್ಕದಲ್ಲಿ.

ಫೋಟೊ ಪೂರ್ತಿ ದಂಡ ಅಂತಲ್ಲ. ಒಂದು ಕಡೆ ತುಂಬ ನೀರು ತುಂಬಿದ್ದರೆ, ಶ್ವಾಸಕೋಶ ಪೂರ್ತಿ ಕುಸಿದಿದ್ದರೆ ಬಹುಪಾಲು ಅದರಲ್ಲೂ ಕಾಣುತ್ತದೆ. ರಾತ್ರಿ ಹೊತ್ತು ಹಳ್ಳಿಯಿಂದ ಡಾಕ್ಟರೊಬ್ಬರು ಕಳಿಸಿದರೆ "ತಕ್ಷಣ ಕಳಿಸಿಬಿಡಿ" ಅನ್ನೋಕೆ ಅಷ್ಟು ಸಾಕು. ಆದರೆ "ಏನೂ ಇಲ್ಲ" ಅಂತ ಮಾತ್ರ ಅದನ್ನು ನೋಡಿ ನಾನು ಹೇಳಲಾರೆ. ಕನ್ನಡಿಯ ಹಾಗೆ ತಿರುಗಿದ ಫೋಟೊಗಳೂ ಬರುತ್ತವೆ. ಮೂಲೆಯಲ್ಲಿರುವ ಎಲ್ ಅಥವಾ ಆರ್ ಗುರುತು, ಹೆಸರು, ತಾರೀಕು ಕತ್ತರಿಸಿಹೋಗಿದ್ದರೆ ಅದು ಯಾರ ಎದೆ, ಯಾವ ಕಡೆ ಅಂತಲೂ ಖಾತ್ರಿ ಇರುವುದಿಲ್ಲ.

ಹಾಗಾಗಿ ಸಿಡಿ ಅಥವಾ ಸ್ಕ್ಯಾನ್ ಸೆಂಟರಿನವರ ಲಿಂಕ್ ಕೇಳಿ ತನ್ನಿ. ಫೋನಿನಲ್ಲೇ ಕಳಿಸುವುದಾದರೆ ಅವರ ಮೂಲ ಫೈಲನ್ನು, ಹೆಸರಿನ ಕೊನೆಗೆ .dcm ಅಂತ ಇರುವುದನ್ನು, ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಅದೂ ಇಲ್ಲದಿದ್ದರೆ ಫಿಲ್ಮನ್ನೇ ತನ್ನಿ, ಮಡಚಬೇಡಿ. ಹಳೆಯ ಫಿಲ್ಮ್ ಇದ್ದರೆ ಅದನ್ನೂ ಜೊತೆಗಿಡಿ, ಕಲೆ ಹೊಸದೋ ಹಳೆಯದೋ ಗೊತ್ತಾಗುವುದು ಅದರಿಂದಲೇ. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ಲಕೋಟೆಯನ್ನು ಕಾರಿನ ಗಾಜಿನ ಹತ್ತಿರ ಬಿಟ್ಟು ಹೋಗಬೇಡಿ. ಈಗಿನ ಫಿಲ್ಮುಗಳಲ್ಲಿ ಅನೇಕವು ಬಿಸಿಗೇ ಅಚ್ಚಾಗುವಂಥವು, ಬಿಸಿಗೇ ಕಪ್ಪಾಗಿಯೂ ಬಿಡುತ್ತವೆ.