ಜಾಕಿ ಪಂಪು ರಾತ್ರಿಯಿಡೀ ಯಾಕೆ ಓಡುತ್ತಿತ್ತು?

ಮುಂಬೈನ ಮಾಟುಂಗದಲ್ಲಿ ನಮ್ಮದು ಎಂಟು ಮಹಡಿಯ ಹಳೆಯ ಸೊಸೈಟಿ. ಅರ್ಧದಷ್ಟು ಮನೆಗಳು ಉಡುಪಿ, ಮಂಗಳೂರು, ಹುಬ್ಬಳ್ಳಿ ಕಡೆಯವರದು. ಕಳೆದ ಏಪ್ರಿಲ್‌ನಲ್ಲಿ ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಒಂದು ಡ್ರಿಲ್ ಮಾಡಿದೆವು. ಎಂಟನೇ ಮಹಡಿಯ ಹೈಡ್ರಂಟ್ ತೆರೆದಾಗ ನೀರು ಸ್ವಲ್ಪ ಜಿನುಗಿ ನಿಂತೇ ಹೋಯಿತು. ಕೆಳಗೆ ಪಂಪ್ ರೂಮಿಗೆ ಓಡಿ ನೋಡಿದರೆ ಪ್ಯಾನೆಲ್‌ನ ಸ್ವಿಚ್ಚು ‘ಆಟೋ’ದಲ್ಲಿ ಇರಲಿಲ್ಲ, ‘ಮ್ಯಾನುವಲ್’ನಲ್ಲಿತ್ತು.

ಕಾರ್ಯದರ್ಶಿಯಾಗಿ ವರದಿ ಬರೆಯುವ ಕೆಲಸ ನನ್ನದು. ‘ಪಂಪ್ ನಿರ್ವಹಣೆಗೆ ಹೆಚ್ಚಿನ ಗಮನ ಕೊಡಬೇಕು, ವಾಚ್‌ಮನ್‌ಗಳಿಗೆ ತರಬೇತಿ ಕೊಡಬೇಕು’ ಎಂದು ಬರೆದೆ. ನಮ್ಮ ಖಜಾಂಚಿ ಉಡುಪಿಯವರು. ಓದಿ ಕೇಳಿದರು: “ಇದನ್ನು ಯಾರು ಮಾಡೋದು ಮಾರಾಯ್ರೆ? ಮಾಡಿ ಆಯ್ತು ಅಂತ ನಮಗೆ ಗೊತ್ತಾಗೋದು ಹೇಗೆ?” ಎರಡಕ್ಕೂ ನನ್ನ ಬಳಿ ಉತ್ತರ ಇರಲಿಲ್ಲ.

ಸ್ವಿಚ್ಚು ಮ್ಯಾನುವಲ್‌ನಲ್ಲಿತ್ತು ಅನ್ನುವುದು ಕಣ್ಣಿಗೆ ಕಂಡದ್ದು. ಅದಕ್ಕೇ ಶಿಫಾರಸು ಬರೆದರೆ ‘ಆಟೋದಲ್ಲಿ ಇಡಿ’ ಅನ್ನಬಹುದು, ಅಷ್ಟೇ. ಯಾರೋ ಅದನ್ನು ಬದಲಾಯಿಸಿದ್ದಕ್ಕೆ ಕಾರಣ ಇರಬೇಕಲ್ವಾ? ರಾತ್ರಿ ಪಾಳಿಯ ವಾಚ್‌ಮನ್‌ನನ್ನು ಗದರದೆ ಕೇಳಿದೆವು. ಜಾಕಿ ಪಂಪು ರಾತ್ರಿಯಿಡೀ ಹತ್ತು ಹತ್ತು ನಿಮಿಷಕ್ಕೆ ಓಡುತ್ತಿತ್ತಂತೆ. ಪಕ್ಕದ ಮನೆಯ ಅಜ್ಜಿಗೆ ನಿದ್ದೆ ಬರುತ್ತಿರಲಿಲ್ಲ. ಪಾಪ, ಅದಕ್ಕೇ ಆಟೋ ತೆಗೆದಿದ್ದ.

ಜಾಕಿ ಅನ್ನುವುದು ಚಿಕ್ಕ ಪಂಪು. ಬೆಂಕಿ ನಂದಿಸುವ ಕೊಳವೆಯಲ್ಲಿ ಒತ್ತಡ ಸ್ವಲ್ಪ ಇಳಿದರೆ ಅದು ತಾನಾಗಿ ಓಡಿ ಸರಿಮಾಡುತ್ತದೆ. ಹೈಡ್ರಂಟ್ ತೆರೆದು ಒತ್ತಡ ಜಾಸ್ತಿ ಇಳಿದರೆ ದೊಡ್ಡ ಪಂಪು ಎದ್ದು ಕೂರುತ್ತದೆ. ಯಾರೂ ನೀರು ಬಳಸದ ರಾತ್ರಿಯಲ್ಲಿ ಜಾಕಿ ಪದೇ ಪದೇ ಓಡುತ್ತಿದೆ ಅಂದರೆ ಎಲ್ಲೋ ಸೋರುತ್ತಿದೆ. ಪಂಪಿನ ಬಾಯಿಯಲ್ಲಿ ನಾನ್ ರಿಟರ್ನ್ ವಾಲ್ವ್ ಇರುತ್ತದೆ. ನೀರನ್ನು ಮುಂದಕ್ಕೆ ಬಿಟ್ಟು, ಹಿಂದಕ್ಕೆ ಬಿಡದಿರುವುದು ಅದರ ಕೆಲಸ. ಅದರಾಚೆಗಿನ ಗೇಟ್ ವಾಲ್ವ್ ಮುಚ್ಚಿ, ಕೊಳವೆ ಕಡೆಯ ಒತ್ತಡದ ಮೀಟರನ್ನು ಒಂದು ಗಂಟೆ ನೋಡಿದೆವು. ಮುಳ್ಳು ಅಲುಗಲಿಲ್ಲ. ಅಂದರೆ ಕೊಳವೆ ಸರಿಯಾಗಿದೆ, ನೀರು ನಾನ್ ರಿಟರ್ನ್ ವಾಲ್ವ್ ಮೂಲಕವೇ ಟ್ಯಾಂಕಿಗೆ ವಾಪಸ್ಸು ಹೋಗುತ್ತಿದೆ. ಮುಚ್ಚಿದ ಮೇಲೂ ಮುಳ್ಳು ಇಳಿದಿದ್ದರೆ ಕೊಳವೆಯಲ್ಲೇ ಹುಡುಕಬೇಕಿತ್ತು.

ವಾಚ್‌ಮನ್‌ಗೆ ತರಬೇತಿ ಕೊಟ್ಟು ಬಿಟ್ಟಿದ್ದರೆ ಪಂಪು ಮತ್ತೆ ಕೂಗುತ್ತಿತ್ತು, ಸ್ವಿಚ್ಚು ಮತ್ತೆ ತಿರುಗುತ್ತಿತ್ತು. ಅಮೆರಿಕದ ನ್ಯಾಷನಲ್ ಪೇಷಂಟ್ ಸೇಫ್ಟಿ ಫೌಂಡೇಶನ್ 2015ರಲ್ಲಿ ಆಸ್ಪತ್ರೆಗಳಿಗೆ ಕೊಟ್ಟ ಮಾರ್ಗಸೂಚಿ ಇದನ್ನೇ ಹೇಳುತ್ತದೆ. ತರಬೇತಿ, ಎಚ್ಚರಿಕೆಯ ಬೋರ್ಡು, ಹೊಸ ನಿಯಮ ಇವೆಲ್ಲ ದುರ್ಬಲ ಕ್ರಮಗಳು. ಉಪಕರಣವನ್ನೋ ಜಾಗವನ್ನೋ ಬದಲಿಸಿ, ತಪ್ಪು ಆಗದಂತೆಯೇ ಮಾಡುವುದು ಬಲವಾದದ್ದು.

ಕೊನೆಗೆ ನಾವು ಬರೆದದ್ದು ಹೀಗೆ. ಜಾಕಿ ಪಂಪಿನ ನಾನ್ ರಿಟರ್ನ್ ವಾಲ್ವ್ ಬದಲಾಯಿಸುವುದು. ಹೊಣೆ ಖಜಾಂಚಿಯವರದು. ಗಡುವು ಜೂನ್ 10. ಕೆಲಸ ಮುಗಿಯಿತು ಅನ್ನಬೇಕಾದರೆ ಮೂರು ದಿನ, ರಾತ್ರಿ 11ರಿಂದ ಬೆಳಗ್ಗೆ 6ರ ತನಕ, ಜಾಕಿ ಎರಡು ಸಲಕ್ಕಿಂತ ಜಾಸ್ತಿ ಓಡಬಾರದು. ಸ್ವಿಚ್ಚು ಆಟೋದಲ್ಲಿರುವಾಗ ಎಂಟನೇ ಮಹಡಿಯಲ್ಲಿ ನೀರು ಹರಿಯುತ್ತಿದ್ದಂತೆ ಒತ್ತಡ ಚದರ ಸೆಂಟಿಮೀಟರಿಗೆ 3.5 ಕೆಜಿಗಿಂತ ಕೆಳಗಿಳಿಯಬಾರದು.

ಹೊಣೆಯನ್ನು ‘ಕಮಿಟಿ’ಗೆ ಕೊಡಲಿಲ್ಲ. ಐದು ಜನರ ಕೆಲಸ ಅಂದರೆ ಪ್ರತಿಯೊಬ್ಬರೂ ಉಳಿದ ನಾಲ್ವರು ನೋಡುತ್ತಾರೆ ಅಂದುಕೊಳ್ಳುತ್ತಾರೆ. ಪಂಪ್ ಮೆಕ್ಯಾನಿಕ್‌ಗೂ ಕೊಡಲಿಲ್ಲ. ವಾಲ್ವ್ ಹಾಕುವವನು ಅವನೇ, ಆದರೆ ದುಡ್ಡು ಮಂಜೂರು ಮಾಡುವ ಅಧಿಕಾರ ಅವನಿಗಿಲ್ಲ. ಚೆಕ್ಕಿಗೆ ಸಹಿ ಹಾಕುವವರು ಖಜಾಂಚಿ.

ಜೂನ್ 10 ಕೂಡ ಸುಮ್ನೆ ಬರೆದ ದಿನ ಅಲ್ಲ. ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷತಾ ಕಾಯ್ದೆಯಂತೆ ಜನವರಿ ಮತ್ತು ಜುಲೈನಲ್ಲಿ, ಬೆಂಕಿ ನಂದಿಸುವ ವ್ಯವಸ್ಥೆ ಸುಸ್ಥಿತಿಯಲ್ಲಿದೆ ಎಂಬ ‘ಫಾರ್ಮ್ ಬಿ’ ಪ್ರಮಾಣಪತ್ರವನ್ನು ಪರವಾನಗಿ ಇರುವ ಏಜೆನ್ಸಿಯಿಂದ ಪಡೆದು ಕೊಡಬೇಕು. ಏನಾದರೂ ಎಡವಟ್ಟಾದರೆ ಸರಿಪಡಿಸಲು ಅದಕ್ಕೆ ಮೊದಲು ಮೂರು ವಾರವಾದರೂ ಉಳಿಯಲಿ ಎಂದು ಆ ತಾರೀಖು. ಅಲ್ಲಿಯ ತನಕ ಏನು? ಪ್ರತಿ ಪಾಳಿ ಶುರುವಾದಾಗ ವಾಚ್‌ಮನ್ ಸ್ವಿಚ್ಚು ಆಟೋದಲ್ಲಿದೆಯೇ ಎಂದು ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕು. ಇದು ತಾತ್ಕಾಲಿಕ, ವಾಲ್ವ್ ಬದಲಾದ ದಿನ ರದ್ದು ಎಂದೂ ಬರೆದೆವು. ಹಾಗೆ ಬರೆಯದಿದ್ದರೆ ತಾತ್ಕಾಲಿಕ ಉಪಾಯವೇ ವರ್ಷಗಟ್ಟಲೆ ಉಳಿದುಬಿಡುತ್ತದೆ. ಅಜ್ಜಿಗೂ ಹೋಗಿ ಹೇಳಿದೆವು. “ತಾರೀಖು ಗೊತ್ತಾಯ್ತಲ್ಲ, ತಡ್ಕೊಳ್ತೇನೆ” ಅಂದರು.

ಎಡವಟ್ಟು ಆಗಿಯೇ ಆಯಿತು. ಬಂದ ವಾಲ್ವಿನ ಫ್ಲ್ಯಾಂಜಿನ ತೂತುಗಳು ನಮ್ಮ ಹಳೆಯ ಕೊಳವೆಗೆ ಕೂಡಲಿಲ್ಲ. ಖಜಾಂಚಿ ಜೂನ್ 4ಕ್ಕೇ, ಗಡುವಿಗೆ ಮೊದಲೇ, ತಿಳಿಸಿದರು. ಹಳೆಯ ತಾರೀಖನ್ನು ಅಳಿಸದೆ ಪಕ್ಕದಲ್ಲಿ ಕಾರಣ ಬರೆದು ಜೂನ್ 20 ಎಂದು ಹಾಕಿದೆವು. 18ರಂದು ಹೊಸ ವಾಲ್ವ್ ಕೂತಿತು. ಮೂರನೇ ಬೆಳಗ್ಗೆ ವಾಚ್‌ಮನ್ ಲೆಕ್ಕದ ಪುಸ್ತಕ ತಂದು ತೋರಿಸಿದ. ಮೊದಲ ರಾತ್ರಿ ಒಂದು, ಎರಡನೇ ರಾತ್ರಿ ಸೊನ್ನೆ, ಮೂರನೇ ರಾತ್ರಿ ಒಂದು.