12 ಪುಟದ ಸ್ಕ್ರಿಪ್ಟ್, 10 ನಿಮಿಷದ ಮಿತಿ: ಎರಡು ಪುಟ ಹರಿದು ಹಾಕಿದರೆ ಸಾಕಾ?

ಸಾಕಾಗಲ್ಲ. ಸ್ಪರ್ಧೆಗೋ ಚಿತ್ರೋತ್ಸವಕ್ಕೋ ಕಿರುಚಿತ್ರ ಮಾಡೋರು ಕೇಳೋ ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕ ಇಟ್ಟಿಲ್ಲ. ಹಾಗಾಗಿ ಈ ಸಲ ಪೂರ್ತಿ ಬರೆದುಬಿಡುತ್ತೇನೆ, ಮುಂದಿನ ಸಲ ಕೇಳಿದವರಿಗೆ ಇದನ್ನೇ ತೋರಿಸಬಹುದು.

ಎಲ್ಲದರ ಬುಡದಲ್ಲಿ ಇರೋದು "ಒಂದು ಪುಟ ಅಂದ್ರೆ ಒಂದು ನಿಮಿಷ" ಅನ್ನೋ ಮಾತು. ಅದು ಸುಳ್ಳಲ್ಲ, ಆದರೆ ಅದು ನಿಮ್ಮ ಸ್ಕ್ರಿಪ್ಟಿನ ಬಗ್ಗೆ ಹೇಳಿದ ಮಾತೇ ಅಲ್ಲ. ಇಂಗ್ಲಿಷ್ ಸ್ಕ್ರಿಪ್ಟಿಗೆ, ಕೊರಿಯರ್ ಫಾಂಟಿನಲ್ಲಿ, 12 ಪಾಯಿಂಟ್ ಸೈಜಿನಲ್ಲಿ, ಗೊತ್ತಾದ ಮಾರ್ಜಿನ್ ಬಿಟ್ಟು ಟೈಪ್ ಮಾಡಿದಾಗ ಹುಟ್ಟಿದ ಅಂದಾಜು ಅದು. ಕೊರಿಯರ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಅಗಲ, ಹಾಗಾಗಿ ಒಂದು ಪುಟಕ್ಕೆ ಎಷ್ಟು ಹಿಡಿಯುತ್ತದೆ ಅನ್ನೋದು ಜಾಸ್ತಿ ಏರುಪೇರಾಗಲ್ಲ. ಕನ್ನಡದಲ್ಲಿ ಒತ್ತಕ್ಷರಕ್ಕೆ ಜಾಗ ಬಿಡಬೇಕು, ಸಾಲಿನ ಅಂತರ ಫಾಂಟಿನಿಂದ ಫಾಂಟಿಗೆ ಬೇರೆ. ಅದೇ 12 ಪುಟವನ್ನು ಇನ್ನೊಂದು ಫಾಂಟಿಗೆ ಹಾಕಿ ನೋಡಿ, 10 ಆಗಬಹುದು, 14 ಆಗಬಹುದು. ಸಿನಿಮಾ ಮಾತ್ರ ಒಂದು ಸೆಕೆಂಡೂ ಕಮ್ಮಿಯಾಗಿರಲ್ಲ. ಎಡಕ್ಕೆ ದೃಶ್ಯ, ಬಲಕ್ಕೆ ಮಾತು ಅಂತ ಎರಡು ಕಾಲಮ್ಮಿನಲ್ಲಿ ಬರೆಯೋರಿಗಂತೂ ಈ ಲೆಕ್ಕ ಮೊದಲಿನಿಂದಲೂ ಅನ್ವಯಿಸಲ್ಲ. (ಮಾರ್ಜಿನ್ ಚಿಕ್ಕದು ಮಾಡಿ 10 ಪುಟಕ್ಕೆ ತಂದೆ ಅಂತ ಖುಷಿಯಿಂದ ಬರೆದವರೂ ಇದ್ದಾರೆ. ಏನಂತ ಹೇಳಲಿ?)

ಇನ್ನೊಂದು ತೊಡಕು, ಪುಟಕ್ಕೊಂದು ನಿಮಿಷ ಅನ್ನೋದು ಸರಾಸರಿ. ಎರಡು ಗಂಟೆಯ ಸಿನಿಮಾದಲ್ಲಿ ಮಾತಿನ ಪುಟಗಳು ಬೇಗ ಓಡುತ್ತವೆ, ಮಾತಿಲ್ಲದ ಪುಟಗಳು ನಿಧಾನ, ಕೊನೆಗೆ ಒಂದಕ್ಕೊಂದು ಸರಿಹೋಗುತ್ತದೆ. ಹತ್ತು ನಿಮಿಷದಲ್ಲಿ ಸರಿಹೋಗೋಕೆ ಪುಟಗಳೇ ಇಲ್ಲವಲ್ಲ!

ಒಂದು ಉದಾಹರಣೆ ಕೊಡುತ್ತೇನೆ. ನಾನು ತಿದ್ದಿಕೊಟ್ಟ ಒಂದು 12 ಪುಟದ ಸ್ಕ್ರಿಪ್ಟಿನಲ್ಲಿ ಅಕ್ಕ ತಂಗಿ ಜಗಳ ಎರಡೂವರೆ ಪುಟ ಇತ್ತು. ಮುಂದೊಂದು ಕಡೆ ಮೂರೇ ಸಾಲು: "ತಂಗಿ ಅಟ್ಟ ಹತ್ತುತ್ತಾಳೆ. ಪೆಟ್ಟಿಗೆ ಹುಡುಕಿ ತೆಗೆಯುತ್ತಾಳೆ. ಅಮ್ಮನ ಪತ್ರ ಓದುತ್ತಾಳೆ." ಸ್ಟಾಪ್‌ವಾಚ್ ಹಿಡಿದು ನೋಡಿದರೆ ಜಗಳ 1 ನಿಮಿಷ 50 ಸೆಕೆಂಡ್, ಆ ಮೂರು ಸಾಲು ಒಂದೂವರೆ ನಿಮಿಷ! ಇಡೀ ಸ್ಕ್ರಿಪ್ಟ್ ಒಟ್ಟು 12 ನಿಮಿಷ 40 ಸೆಕೆಂಡ್.

ಅಳೆಯೋದು ಹೀಗೆ. ಕೂತು ಮನಸ್ಸಿನಲ್ಲೇ ಓದಬೇಡಿ. ಎದ್ದು ನಿಂತು ಮಾತನ್ನು ಜೋರಾಗಿ ಹೇಳಿ, ಮೆಟ್ಟಿಲು ಹತ್ತಬೇಕಾದರೆ ನಿಜಕ್ಕೂ ಹೆಜ್ಜೆ ಹಾಕಿ, ಪತ್ರ ಓದಬೇಕಾದರೆ ಓದಿ. ಪ್ರತಿ ಸೀನಿನ ಸೆಕೆಂಡ್ ಬರೆದಿಡಿ. ಎರಡು ಸಲ ಮಾಡಿ, ಯಾಕಂದ್ರೆ ಮೊದಲ ಸಲ ಎಲ್ಲರೂ ನಾಚಿಕೊಂಡು ಬೇಗ ಮುಗಿಸುತ್ತಾರೆ.

ಈಗ ಕತ್ತರಿ. 10 ನಿಮಿಷದಲ್ಲಿ ಟೈಟಲ್ಲಿಗೆ 5, ಕೊನೆಯ ಹೆಸರುಗಳಿಗೆ 35, ಎಡಿಟಿಂಗಿನಲ್ಲಿ ಉಸಿರಾಡೋಕೆ 20 ಸೆಕೆಂಡ್ ತೆಗೆದರೆ ಕಥೆಗೆ ಉಳಿಯೋದು 9 ನಿಮಿಷ. ಅಂದ್ರೆ 3 ನಿಮಿಷ 40 ಸೆಕೆಂಡ್ ಹೋಗಬೇಕು. ಬರೆದವರು ಮೊದಲು ಜಗಳದಲ್ಲೇ ಎರಡು ಪುಟ ಹೊಡೆದುಹಾಕಿದ್ದರು, ಅದರಿಂದ ಉಳಿತಾಯವಾದದ್ದು ಒಂದೂವರೆ ನಿಮಿಷವೂ ಇಲ್ಲ, ಕಥೆಯ ಜೀವವೇ ಹೋಗಿತ್ತು. ಅದನ್ನೆಲ್ಲ ವಾಪಸ್ ಹಾಕಿಸಿದೆ. ತಂಗಿ ಬಸ್ಸಿಳಿದು ಮನೆವರೆಗೆ ನಡೆದು ಬರೋ ಅರ್ಧ ಪುಟದ ಸೀನ್ ಪೂರ್ತಿ ತೆಗೆದೆವು, 80 ಸೆಕೆಂಡ್. ಸಿನಿಮಾ ಈಗ ಬಾಗಿಲಲ್ಲೇ ಶುರು. ಅಟ್ಟದ ಸೀನಿನಲ್ಲಿ ಹತ್ತೋದು, ಹುಡುಕೋದು ಬಿಟ್ಟು ಪತ್ರ ಕೈಯಲ್ಲಿರೋ ಕಡೆಯಿಂದಲೇ ಶುರು ಮಾಡಿದೆವು, 45. ನೋಡುಗರಿಗೆ ಆಗಲೇ ಗೊತ್ತಿರೋದನ್ನೇ ಮತ್ತೆ ಹೇಳೋ ಒಂದು ಪುಟದ ಫೋನ್ ಮಾತು ಹೋಯಿತು, 40. ಜಗಳಕ್ಕೆ ಮುಂಚಿನ ಉಭಯಕುಶಲೋಪರಿ 30, ಕೊನೆಯ ಮಾತಿನ ನಂತರ ಕಿಟಕಿಯಾಚೆ ನೋಡುತ್ತಾ ನಿಲ್ಲೋದು 25. ಕೂಡಿಸಿ ನೋಡಿ, 220 ಸೆಕೆಂಡ್, ಸರಿಯಾಗಿ 3 ನಿಮಿಷ 40. ಪುಟದ ಲೆಕ್ಕದಲ್ಲಿ ಇದೂ ಎರಡು ಚಿಲ್ಲರೆ ಪುಟವೇ, ಆದರೆ ಬೇರೆ ಪುಟಗಳು. ಸಾಲಿಗೊಂದು ಪದ ಕಿತ್ತು ಹಾಕಿದ್ದರೆ ಇಡೀ ರಾತ್ರಿ ಕೂತರೂ ಇಷ್ಟು ಸಿಗುತ್ತಿರಲಿಲ್ಲ.

ಅಂದ ಹಾಗೆ, ಯಾರೂ ಕೇಳದ ಇನ್ನೊಂದು ವಿಷಯ: ಕೊನೆಯ ಹೆಸರುಗಳು ಲೆಕ್ಕಕ್ಕೆ ಬರುತ್ತವೆ. ಆಸ್ಕರ್ ಕಿರುಚಿತ್ರ ವಿಭಾಗದ 40 ನಿಮಿಷದ ಮಿತಿಯೂ ಎಲ್ಲ ಹೆಸರುಗಳನ್ನು ಸೇರಿಸಿಯೇ. ನಿಯಮದಲ್ಲಿ ಬೇರೆ ಹೇಳದಿದ್ದರೆ ಫೈಲಿನ ಪೂರ್ತಿ ಉದ್ದವೇ ನಿಮ್ಮ ಉದ್ದ ಅಂದುಕೊಳ್ಳಿ. ನಿಮ್ಮ ಬ್ಯಾನರಿನ ಲೋಗೋ ಹನ್ನೆರಡು ಸೆಕೆಂಡ್ ತಿರುಗುತ್ತಾ ಬರುತ್ತದಲ್ಲ, ಅದೂ ಸೇರಿ. ಹೆಸರುಗಳು ನಿಧಾನವಾಗಿ ಮೇಲೇರೋ ಬದಲು ಕಾರ್ಡಿಗೆ ಆರೇಳು ಹೆಸರು ಹಾಕಿ, ಒಂದೊಂದು ಕಾರ್ಡು ನಾಲ್ಕು ಸೆಕೆಂಡ್ ನಿಂತರೆ ಓದಬಹುದು. ಎಕ್ಸ್‌ಪೋರ್ಟ್ ಆದ ಮೇಲೆ ಫೈಲಿನ ಬಾಲದಲ್ಲಿ ಕಪ್ಪು ಪರದೆ ಉಳಿದಿದೆಯಾ ಅಂತಲೂ ನೋಡಿ. ಒಂದು ಸಲ ನನ್ನದೇ ಸಿನಿಮಾ 10 ನಿಮಿಷ 3 ಸೆಕೆಂಡ್ ಆಗಿ ವಾಪಸ್ ಬಂದಿತ್ತು, ಆ ಮೂರೂ ಸೆಕೆಂಡ್ ಬರೀ ಕಪ್ಪು.