ಪ್ಯಾಡಿಂಗ್ ಅಂಚನ್ನು ಮೃದುಗೊಳಿಸುವುದಿಲ್ಲ

ಚಿತ್ರದ ಒಂದು ಭಾಗವನ್ನಷ್ಟೇ ಎಐ ಮಾಡೆಲ್‌ನಿಂದ ಹೊಸದಾಗಿ ಬರೆಸುವುದೇ ಇನ್‌ಪೇಂಟ್. ಹಾಗೆ ಬರೆಸಿದ ಭಾಗದ ಸುತ್ತ ಗೆರೆ ಎದ್ದು ಕಾಣುತ್ತಿದೆ ಎಂದು ಯಾರಾದರೂ ಕೇಳಿದರೆ, "ಪ್ಯಾಡಿಂಗ್ ಹೆಚ್ಚಿಸಿ ನೋಡಿ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಸಲಹೆಯನ್ನು ನಾನು ಓದಿದ್ದು ಸಾಕಾಗಿದೆ, ಏಕೆಂದರೆ ಪ್ಯಾಡಿಂಗ್‌ಗೂ ಅಂಚಿನ ಮೃದುತ್ವಕ್ಕೂ ನೇರ ಸಂಬಂಧವೇ ಇಲ್ಲ.

ಅಂಚನ್ನು ಮೃದುಗೊಳಿಸುವ ಕೆಲಸ ಬ್ಲರ್‌ನದು. ಫೋಟೊಶಾಪ್ ಬಳಸುವವರು ಫೆದರಿಂಗ್ ಎನ್ನುವುದೂ ಹೆಚ್ಚುಕಡಿಮೆ ಇದನ್ನೇ. ಹಕ್ಕಿಯ ಗರಿ ಅಂಚಿನತ್ತ ತೆಳುವಾಗುತ್ತ ಹೋಗಿ, ಎಲ್ಲಿ ಮುಗಿಯಿತೆಂದು ತೋರದಂತೆ ಮುಗಿಯುತ್ತದೆ. ಹೆಸರಿನ ಹಿಂದಿರುವ ಚಿತ್ರ ಅದು. ಇದನ್ನು "ಗರಿಗೆದರಿಸುವುದು" ಎಂದು ಅನುವಾದಿಸಿದ್ದನ್ನೂ ಕಂಡಿದ್ದೇನೆ, ಅರ್ಥ ತಲೆಕೆಳಗಾಗಿದೆ.

ಪ್ಯಾಡಿಂಗ್ ನಿರ್ಧರಿಸುವುದು ಮಾಡೆಲ್ ಎಷ್ಟು ದೂರದವರೆಗೆ ನೋಡಬೇಕು ಎಂಬುದನ್ನು. ಸ್ಟೇಬಲ್ ಡಿಫ್ಯೂಷನ್ ಮಾಡೆಲ್ ನಡೆಸಲು ಬಳಸುವ AUTOMATIC1111 ವೆಬ್ ಯುಐಯಲ್ಲಿ `Only masked` ಆರಿಸಿದಾಗ ಮಾತ್ರ `Only masked padding, pixels` ಎಂಬುದಕ್ಕೆ ಅರ್ಥವಿದೆ. `Whole picture` ಇದ್ದರೆ ಅದನ್ನು ಎಷ್ಟು ಎಳೆದರೂ ಏನೂ ಆಗದು. `Only masked` ಇದ್ದಾಗ, ಬದಲಿಸಬೇಕಾದ ಜಾಗವನ್ನು ಗುರುತಿಸುವ ಮಾಸ್ಕ್‌ನ ಸುತ್ತ ಅಷ್ಟು ಪಿಕ್ಸೆಲ್ ಸೇರಿಸಿ ಒಂದು ಆಯತ ಕತ್ತರಿಸಲಾಗುತ್ತದೆ, ಅದನ್ನು ನೀವು ಕೊಟ್ಟ ಅಳತೆಗೆ ಹಿಗ್ಗಿಸಿ ಚಿತ್ರ ಬರೆಸಿ, ಮತ್ತೆ ಕುಗ್ಗಿಸಿ ಮಾಸ್ಕ್‌ನ ಜಾಗಕ್ಕೆ ಅಂಟಿಸಲಾಗುತ್ತದೆ.

3000 ಪಿಕ್ಸೆಲ್ ಅಗಲದ ಒಂದು ಮದುವೆಯ ಫೋಟೊದಲ್ಲಿ ಸುಣ್ಣದ ಗೋಡೆಗೆ ಒರಗಿದ ಸ್ಟೀಲ್ ಕುರ್ಚಿಯನ್ನು ಅಳಿಸಬೇಕೆನ್ನಿ. ಮಾಸ್ಕ್ 200 ಪಿಕ್ಸೆಲ್ ಚೌಕ, ಪ್ಯಾಡಿಂಗ್ ರೂಢಿಯ 32, ಕೊಟ್ಟ ಅಳತೆ 512. ಆಗ ಮಾಡೆಲ್‌ಗೆ ಸಿಗುವುದು ಸುಮಾರು 264 ಪಿಕ್ಸೆಲ್ ಚೌಕ, ಅದೂ 512ಕ್ಕೆ ಹಿಗ್ಗಿದ್ದು. ಎಡದ ಕಿಟಕಿಯಿಂದ ಬೆಳಕು ಬರುತ್ತಿರುವುದು ಅದಕ್ಕೆ ಕಾಣದ ಕಾರಣ, ಹೊಸ ಗೋಡೆ ತೇಪೆಯಂತೆ ಬೇರೆಯೇ ಬಣ್ಣಕ್ಕೆ ತಿರುಗುತ್ತದೆ. ಪ್ಯಾಡಿಂಗ್ 128 ಮಾಡಿದರೆ ಚೌಕ ಸುಮಾರು 456 ಆಗಿ, ನೆರಳು ಹೇಗೆ ಇಳಿಯುತ್ತದೆಂಬುದು ಗೊತ್ತಾಗುತ್ತದೆ. ಆದರೆ ಈಗ ಹಿಗ್ಗುವುದು ಅಲ್ಪ, ಹೀಗಾಗಿ ಮುಖದಂಥ ಸೂಕ್ಷ್ಮ ಭಾಗಗಳಲ್ಲಿ ವಿವರ ಕಡಿಮೆಯಾಗುತ್ತದೆ. ಬರಿಯ ಗೋಡೆಗೆ ಆ ನಷ್ಟ ನಷ್ಟವಲ್ಲ.

ಇಷ್ಟಾದ ಮೇಲೂ ಅಂಚಿನಲ್ಲಿ ಕತ್ತರಿಸಿದಂಥ ಗೆರೆ ಉಳಿದರೆ ಆಗ `Mask blur` ಮುಟ್ಟಬೇಕು. ಅದರ ರೂಢಿಯ ಬೆಲೆ 4, ಹರಡುವುದು ಅಂಚಿನ ಎರಡೂ ಕಡೆಗೆ ಸುಮಾರು 10 ಪಿಕ್ಸೆಲ್. ದೊಡ್ಡ ಫೋಟೊದಲ್ಲಿ ಅದು ಏನೂ ಅಲ್ಲ, 12ರಿಂದ 16 ಬೇಕಾಗಬಹುದು. ಆದರೆ ಹರಡುವುದು ಒಳಕ್ಕೂ ಎಂಬುದನ್ನು ಮರೆಯುವವರೇ ಹೆಚ್ಚು. ಕುರ್ಚಿಯ ಅಂಚಿಗೆ ಸರಿಯಾಗಿ ಮಾಸ್ಕ್ ಎಳೆದು ಬ್ಲರ್ ಏರಿಸಿದರೆ, ಒಳ ಅಂಚಿನಲ್ಲಿ ಹಳೆಯ ಪಿಕ್ಸೆಲ್‌ಗಳು ಅರೆಬರೆ ಬೆರೆತು, ಗೋಡೆಯ ಮೇಲೆ ಕುರ್ಚಿಯ ಕಾಲು ಮಸುಕಾಗಿ ಉಳಿಯುತ್ತದೆ. ಅದಕ್ಕೆ ಪರಿಹಾರ ಬ್ಲರ್ ಇಳಿಸುವುದಲ್ಲ, ಬ್ಲರ್ ಹರಡುವಷ್ಟು ಅಗಲವನ್ನು ಮಾಸ್ಕ್‌ಗೆ ಮೊದಲೇ ಹೊರಗಡೆ ಕೂಡಿಸಿ ಎಳೆಯುವುದು.